ಹಿಮ್ಮಡಿ ಜಾರಿದರೆ ಮೊದಲು ಲೇಸು ನೋಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾಲು ಬೆಳೆಯುವುದು ಬರಿಗಾಲಲ್ಲಿ, ಇಲ್ಲವೇ ತೆರೆದ ಚಪ್ಪಲಿಯಲ್ಲಿ. ಲೇಸು ಕಟ್ಟುವ ಬೂಟು ಆ ಕಾಲಿಗೆ ಸಾಮಾನ್ಯವಾಗಿ ಎರಡು ಸಲ ಎದುರಾಗುತ್ತದೆ. ಮೊದಲನೆಯದು ಶಾಲೆಯ ಕಪ್ಪು ಬೂಟು. ಎರಡನೆಯದು ಹದಿನೆಂಟು, ಹತ್ತೊಂಬತ್ತರ ವಯಸ್ಸಿಗೆ ಸೈನ್ಯದ ಭರ್ತಿಗೋ ಪೊಲೀಸ್ ಕೆಲಸಕ್ಕೋ ನಸುಕಿನಲ್ಲಿ ಓಡಲು ಶುರು ಮಾಡಿದಾಗ ಕೊಳ್ಳುವ ಓಟದ ಬೂಟು. ತಕರಾರು ಹೊರಡುವುದು ಈ ಎರಡನೆಯದರಲ್ಲಿ. ಮೇಲೆ ಒತ್ತುತ್ತದೆ, ಹಿಂದೆ ಜಾರುತ್ತದೆ. ಒಂದೇ ಬೂಟು ಒಂದೇ ಕಾಲಿಗೆ ಬಿಗಿಯೂ ಸಡಿಲವೂ ಆಗುವುದು ಹೇಗೆಂದು ಅಂಗಡಿಯವರಿಗೂ ತೋಚುವುದಿಲ್ಲ. ಅವರು ಒಂದು ನಂಬರ್ ದೊಡ್ಡದು ಕೊಟ್ಟು, ಜೊತೆಗೆ ಒಂದು ಜೋಡಿ ಜೆಲ್ ಹೀಲ್ ಕಪ್ ಮಾರಿ ಕಳಿಸುತ್ತಾರೆ.

ಚಪ್ಪಲಿಯಲ್ಲಿ ಈ ಗೋಳು ಇರಲಿಲ್ಲ. ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಆ ಚಪ್ಪಲಿ ಕಾಲನ್ನು ಹಿಡಿಯುವುದು ಎರಡೇ ಜಾಗದಲ್ಲಿ: ಹೆಬ್ಬೆರಳಿನ ಉಂಗುರದಲ್ಲಿ ಮತ್ತು ಪಾದದ ಮೇಲಿನ ಅಡ್ಡ ಪಟ್ಟಿಯಲ್ಲಿ. ಪಾದದ ಮೇಲ್ಭಾಗ ಎಷ್ಟೇ ಎತ್ತರವಿದ್ದರೂ ಎಣ್ಣೆ ಕುಡಿದ ತೊಗಲು ಕೆಲವು ದಿನಕ್ಕೆ ಸಡಿಲಗೊಂಡು ಅದೇ ಆಕಾರಕ್ಕೆ ಕೂರುತ್ತದೆ. ಹಿಮ್ಮಡಿಯನ್ನು ಯಾವುದೂ ಹಿಡಿಯುವುದಿಲ್ಲ, ಆದ್ದರಿಂದ ಅದು ಸಣ್ಣದೋ ದಪ್ಪವೋ ಎಂಬ ಪ್ರಶ್ನೆಯೇ ಇಲ್ಲ. ಮುಚ್ಚಿದ ಬೂಟು ಬಂದ ಕೂಡಲೇ ಹಿಮ್ಮಡಿಗೆ ಅಳತೆ ಬೇಕಾಗುತ್ತದೆ, ಮೇಲ್ಪಾದಕ್ಕೆ ಜಾಗ ಬೇಕಾಗುತ್ತದೆ.

ಬೆರಳು ಹರಡಿಕೊಂಡು ನಡೆದ ಕಾಲಿನ ಮುಂಭಾಗ ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಸ್ಕ್ಯಾನ್ ಮಾಡಿ ಕಂಡುಕೊಂಡದ್ದೂ ಇದನ್ನೇ: ಯುರೋಪು, ಅಮೆರಿಕದ ಅಳತೆಯ ಬೂಟಿಗಿಂತ ನಮ್ಮ ಪಾದ ಅಗಲ. ಆ ಅಗಲಕ್ಕಾಗಿ ಜನ ಉದ್ದದ ಬೂಟು ಕೊಳ್ಳುತ್ತಾರೆ, ಅದು ಕಳಚದಿರಲೆಂದು ಗಂಡಸರು ಲೇಸನ್ನು ಅತಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ ಎಂಬುದೂ ಆ ಸಮೀಕ್ಷೆಯಿಂದ ತಿಳಿಯಿತು. ಭಾರತಕ್ಕೇ ಒಂದು ಅಳತೆ ಬೇಕೆಂದು ‘ಭಾ’ ಎಂಬ ಹೆಸರಿನ ಪದ್ಧತಿ ಸಿದ್ಧವಾದದ್ದು ಇದರಿಂದಲೇ. ಅದು ಅಗಲದ ತೊಂದರೆಯನ್ನು ತಗ್ಗಿಸಬಹುದು. ಮೇಲ್ಪಾದದ ಎತ್ತರ ಒಬ್ಬೊಬ್ಬರದು ಒಂದೊಂದು ತೆರ, ಅದಕ್ಕೆ ಯಾವ ನಂಬರೂ ಸಾಲದು.

ದೊಡ್ಡ ನಂಬರ್ ಏಕೆ ಪರಿಹಾರವಲ್ಲ ಎಂಬುದಕ್ಕೆ ಸಣ್ಣ ಲೆಕ್ಕವಿದೆ. ನಮ್ಮಲ್ಲಿ ಚಾಲ್ತಿಯಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಹೆಚ್ಚಾದರೆ ಬೂಟು ಮೂರನೇ ಒಂದು ಇಂಚು, ಅಂದರೆ ಸುಮಾರು ಎಂಟೂವರೆ ಮಿ.ಮೀ. ಉದ್ದವಾಗುತ್ತದೆ. ಸುತ್ತಳತೆ ಹೆಚ್ಚುವುದು ಕಾಲಿಂಚು, ಅಂದರೆ ಆರು ಮಿ.ಮೀ. ಚಿಲ್ಲರೆ. ಮೇಲ್ಪಾದಕ್ಕೆ ಬೇಕಾದ ಆ ಆರು ಮಿ.ಮೀ.ಗಾಗಿ ನಾವು ಬೇಡದ ಎಂಟು ಮಿ.ಮೀ. ಉದ್ದವನ್ನು ಕೊಂಡಂತಾಯಿತು. ಹಿಮ್ಮಡಿಯ ಹಿಂದೆ ಖಾಲಿ ಬೀಳುವುದಷ್ಟೇ ಅಲ್ಲ, ಬೂಟು ಮಡಚಿಕೊಳ್ಳುವ ಗೆರೆಯೂ ಬೆರಳಬುಡದಿಂದ ಮುಂದಕ್ಕೆ ಸರಿಯುತ್ತದೆ. ಕಾಲು ಒಂದು ಕಡೆ ಬಾಗುತ್ತದೆ, ಬೂಟು ಇನ್ನೊಂದು ಕಡೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದು ಬರಲು ಇಷ್ಟು ಸಾಕು. ಹಾಗಾಗಿ ಹಿಮ್ಮಡಿ ಜಾರುವ ಬಹಳಷ್ಟು ಪ್ರಕರಣಗಳಲ್ಲಿ ಮೂಲ ಇರುವುದು ಮೇಲ್ಪಾದದಲ್ಲಿ. ರಿಪೇರಿಯನ್ನೂ ಉದ್ದದಿಂದ ಶುರುಮಾಡಿ, ಲೇಸು, ನಾಲಿಗೆ, ಕೊನೆಗೆ ಹಿಮ್ಮಡಿ ಎಂಬ ಕ್ರಮದಲ್ಲೇ ಮಾಡಬೇಕು. ನಾವು ಮಾಡುವುದು ತಿರುವುಮುರುವು.

ಮೂಡಲಗಿಯಲ್ಲಿರುವ ನನ್ನ ಅಕ್ಕನ ಮಗನ ಕಾಲು ಇದಕ್ಕೆ ಸರಿಯಾದ ಉದಾಹರಣೆ. ಸೈನ್ಯದ 1.6 ಕಿ.ಮೀ. ಓಟಕ್ಕೆ ತಯಾರಿ ನಡೆಸಿದ್ದ ಹುಡುಗ. “ಮಾಮಾ, ಬೂಟ ಮ್ಯಾಲ ಕಚ್ಚತೈತಿ, ಹಿಂದ ಹಿಮ್ಮಡ ಎದ್ದ ಬರತೈತಿ. ಕಪ್ ಹಾಕಿದ್ರ ಇನ್ನೂ ಜಾಸ್ತಿ ಏಳತೈತಿ” ಎಂದು ತನ್ನ ಎಂಟು ನಂಬರಿನ ಬೂಟು ಮುಂದಿಟ್ಟ. ಮೊದಲು ಅಳೆದೆವು. ಸಂಜೆ ಹೊತ್ತು, ಏಕೆಂದರೆ ದಿನವಿಡೀ ಓಡಾಡಿದ ಕಾಲು ತುಸು ಉಬ್ಬಿರುತ್ತದೆ, ಬೂಟಿಗೆ ಬೇಕಾದ ಅಳತೆ ಅದೇ. ನೆಲದ ಮೇಲೆ ಕಾಗದ ಹಾಸಿ, ಎರಡೂ ಕಾಲಿಗೆ ಸಮ ಭಾರ ಬಿಟ್ಟು ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಬೇಕು. ಬಲಗಾಲು 252 ಮಿ.ಮೀ. ಉದ್ದ. ಬೆರಳಬುಡದ ಹತ್ತಿರ ಅಗಲ 99, ಹಿಮ್ಮಡಿಯ ಅಗಲ 59. ಸಾಮಾನ್ಯ ಕಾಲಿನಲ್ಲಿ ಹಿಮ್ಮಡಿಯ ಅಗಲ ಮುಂಭಾಗದ ಮೂರನೇ ಎರಡು ಪಾಲಿನ ಆಸುಪಾಸು ಇರುತ್ತದೆ. ಆ ಲೆಕ್ಕಕ್ಕೆ ಇವನದು 66 ಇರಬೇಕಿತ್ತು. ಎಡಗಾಲು ಉದ್ದದಲ್ಲಿ ಅಷ್ಟೇ ಇದ್ದರೂ ಹಿಮ್ಮಡಿ ಅದಕ್ಕಿಂತ ಅಗಲ, ಮೇಲಿನ ಉಬ್ಬೂ ಕಡಿಮೆ. ಎರಡು ಕಾಲು ಒಂದೇ ಅಳತೆಯವು ಎಂದು ಹಿಡಿದು ಹೊರಟರೆ ಒಂದರ ಮದ್ದು ಇನ್ನೊಂದಕ್ಕೆ ರೋಗ.

252 ಮಿ.ಮೀ. ಕಾಲಿಗೆ ಏಳು ನಂಬರ್ ಸಾಕು. ಎದ್ದು ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಹತ್ತು ಹನ್ನೆರಡು ಮಿ.ಮೀ. ಖಾಲಿ ಉಳಿದರೆ ಉದ್ದ ಸರಿ ಎಂದು ಲೆಕ್ಕ. ಅವನು ಏಳನ್ನು ಹಾಕಿ ನೋಡಿ ಬಿಟ್ಟದ್ದು ಮೇಲೆ ಒತ್ತಿತೆಂಬ ಒಂದೇ ಕಾರಣಕ್ಕೆ. ಗೆಳೆಯನೊಬ್ಬನ ಬಳಿ ಅದೇ ಬಗೆಯ ಏಳು ನಂಬರಿನ ಬೂಟಿತ್ತು, ಅದಲು ಬದಲಾಯಿತು. ಎಂಟನ್ನೇ ಸರಿಮಾಡುತ್ತೇವೆ ಎಂದು ಹೊರಟಿದ್ದರೆ ಮುಂದಿನ ಯಾವ ಕೆಲಸವೂ ಕೈಗೂಡುತ್ತಿರಲಿಲ್ಲ.

ಏಳು ನಂಬರಿನೊಳಗೆ ಮೇಲ್ಪಾದಕ್ಕೆ ಜಾಗ ಮಾಡುವ ಮೊದಲ ದಾರಿ ಪುಕ್ಕಟೆಯದು: ಒಳಗಿನ ಹಾಸನ್ನು ತೆಗೆದು ನೋಡುವುದು. ದಪ್ಪ ಹಾಸು ತೆಗೆದು ತೆಳ್ಳನೆಯದು ಹಾಕಿದರೆ ಕಾಲು ಇಡಿಯಾಗಿ ಎರಡು ಮೂರು ಮಿ.ಮೀ. ಕೆಳಗಿಳಿಯುತ್ತದೆ. ಮೇಲೆ ಅಷ್ಟು ಜಾಗ ಸಿಗುವುದರ ಜೊತೆಗೆ ಹಿಮ್ಮಡಿಯೂ ಬೂಟಿನ ಹಿಂದಿನ ಗಟ್ಟಿ ಗೋಡೆಯೊಳಗೆ ಆಳಕ್ಕೆ ಕೂರುತ್ತದೆ. ಒಂದೇ ಏಟಿಗೆ ಎರಡೂ ತೊಂದರೆ ತಗ್ಗುವುದು ಇದೊಂದರಲ್ಲೇ. ಮೆತ್ತೆಯೇ ಇಲ್ಲದಂತೆ ಬರೇ ತಳದ ಮೇಲೆ ಓಡುವುದು ಮಾತ್ರ ಬೇಡ. ಅಕ್ಕನ ಮಗನ ಬೂಟಿಗೆ ಐದು ಮಿ.ಮೀ. ಹಾಸಿನ ಬದಲು ಮೂರು ಮಿ.ಮೀ.ನದು ಹಾಕಿದೆವು. ಜೆಲ್ ಕಪ್ ಹಾಕಿದರೆ ಹಿಮ್ಮಡಿ ಹೆಚ್ಚು ಏಳುತ್ತದೆ ಎಂದು ಅವನು ಹೇಳಿದ್ದರ ಅರ್ಥವೂ ಇಲ್ಲಿದೆ. ಆ ಕಪ್ ಹಿಮ್ಮಡಿಯ ಕೆಳಗೆ ಕೂತು ಅದನ್ನು ಮೇಲೆತ್ತುತ್ತದೆ. ಗಟ್ಟಿ ಗೋಡೆಯ ಹಿಡಿತಕ್ಕೆ ಸಿಗಬೇಕಾದ ಹಿಮ್ಮಡಿ ಗೋಡೆಯ ಅಂಚಿಗೆ ಬಂದು ನಿಲ್ಲುತ್ತದೆ.

ಈಗ ಲೇಸು. ಓಟದ ಬೂಟಿಗೆ ಹೆಚ್ಚಾಗಿ ಒಂದೊಂದು ಬದಿಗೆ ಏಳು ತೂತು ಇರುತ್ತವೆ. ಬೆರಳ ಕಡೆಯಿಂದ ಒಂದು, ಎರಡು ಎಂದು ಎಣಿಸಿಕೊಳ್ಳಿ. ಮೇಲ್ಪಾದದ ಉಬ್ಬು ಸಾಮಾನ್ಯವಾಗಿ ಮೂರು ಮತ್ತು ಐದನೇ ತೂತಿನ ನಡುವೆ ಎಲ್ಲೋ ಬರುತ್ತದೆ. ಇವನದು ಮೂರು ಮತ್ತು ನಾಲ್ಕರ ನಡುವೆ. ಅಲ್ಲಿ ಲೇಸು ಅಡ್ಡ ಹಾಯುವುದೇ ಬೇಡ. ಒಂದರಿಂದ ಮೂರರವರೆಗೆ ಎಂದಿನಂತೆ ಅಡ್ಡಡ್ಡ ಹೆಣೆದು ಬಂದು, ಮೂರರಿಂದ ಅದೇ ಬದಿಯ ನಾಲ್ಕಕ್ಕೆ ಲೇಸನ್ನು ನೇರ ಮೇಲಕ್ಕೆ ಏರಿಸಿ. ಇನ್ನೊಂದು ಬದಿಯಲ್ಲೂ ಹಾಗೇ. ನಾಲ್ಕರಿಂದ ಮತ್ತೆ ಅಡ್ಡ ಹೆಣಿಗೆ. ಉಬ್ಬಿನ ಮೇಲೆ ಒಂದು ಕಿಟಕಿ ತೆರೆದುಕೊಳ್ಳುತ್ತದೆ, ನಾಲಿಗೆಯನ್ನು ಅಲ್ಲಿ ಯಾವ ಗಂಟೂ ಒತ್ತುವುದಿಲ್ಲ.

ಇಷ್ಟರಿಂದ ಮೇಲಿನ ನೋವು ಹೋಗುತ್ತದೆ. ಆದರೆ ಹಿಮ್ಮಡಿಯನ್ನು ಹಿಡಿಯಲು ಮೇಲಿನ ತುದಿಯಲ್ಲಿ ಬಿಗಿ ಬೇಕು. ಲೇಸು ತೂತುಗಳಲ್ಲಿ ಸರಾಗವಾಗಿ ಜಾರುವುದರಿಂದ ಮೇಲೆ ಎಳೆದ ಬಿಗಿಯೆಲ್ಲ ಕೆಳಕ್ಕೆ ಹರಿದು ಹೋಗಿ ಮತ್ತೆ ಆ ಉಬ್ಬನ್ನೇ ಹಿಸುಕುತ್ತದೆ. ಅದಕ್ಕೇ ಕೊನೆಯಲ್ಲೊಂದು ಬೀಗ ಹಾಕಬೇಕು. ಆರನೇ ತೂತಿನಿಂದ ಹೊರಬಂದ ಲೇಸನ್ನು ಅಡ್ಡ ಒಯ್ಯದೆ ಅದೇ ಬದಿಯ ಏಳನೇ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಆರಕ್ಕೂ ಏಳಕ್ಕೂ ನಡುವೆ ಹೊರಗಡೆ ಒಂದು ಪುಟ್ಟ ಕುಣಿಕೆ ಉಳಿಯಲಿ. ಎರಡೂ ಬದಿ ಹೀಗೆ ಮಾಡಿದ ಮೇಲೆ ಬಲದ ತುದಿಯನ್ನು ಎಡದ ಕುಣಿಕೆಯಲ್ಲಿ, ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ ತೂರಿಸಿ ಎಳೆಯಿರಿ. ಎಳೆಯುವ ದಿಕ್ಕು ಮುಖ್ಯ: ಮೇಲಕ್ಕಲ್ಲ, ಹಿಂದಕ್ಕೆ ಮತ್ತು ಕೆಳಕ್ಕೆ, ಹಿಮ್ಮಡಿಯ ಕಡೆಗೆ. ಕುಣಿಕೆ ಕಚ್ಚಿಕೊಂಡು ಕೂತಮೇಲೆ ಎಂದಿನ ಗಂಟು ಹಾಕಬಹುದು. ಕಣಕಾಲಿನ ಬಾಗಿನಲ್ಲಿ ಬಿಗಿ ನಿಲ್ಲುತ್ತದೆ, ಕೆಳಗಿನ ಕಿಟಕಿಗೆ ತಗಲುವುದಿಲ್ಲ.

ಕಟ್ಟುವ ಮುಂಚೆ ಇನ್ನೊಂದು ಕೆಲಸವಿದೆ, ಬಹಳ ಜನ ಬಿಡುವುದು ಇದನ್ನೇ. ಕಾಲು ತೂರಿಸಿದ ಮೇಲೆ ಬೂಟಿನ ಮುಂಭಾಗ ಎತ್ತಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಬೇಕು. ಕಾಲು ಮುಂದೆ ಜರುಗಿರುವಾಗ ಲೇಸು ಬಿಗಿದರೆ ಆ ಸಡಿಲನ್ನೇ ಭದ್ರ ಮಾಡಿದಂತೆ.

ಶಾಲೆಯ ಕಪ್ಪು ಬೂಟಿನಲ್ಲಿ ನಾಲ್ಕೋ ಐದೋ ತೂತು ಇರುತ್ತವೆ. ಐದು ಇದ್ದರೆ ಕೊನೆಯ ಎರಡನ್ನೇ ಕುಣಿಕೆಗೆ ಬಳಸಬಹುದು. ನಾಲ್ಕೇ ಇದ್ದರೆ ಬಸ್ ಸ್ಟ್ಯಾಂಡ್ ಹತ್ತಿರ ಕೂತು ಬೂಟು ರಿಪೇರಿ ಮಾಡುವವರ ಕೈಲಿ ಮೇಲೊಂದು ತೂತು ಹೊಡೆಸಿ ಕಣ್ಣು ಕೂರಿಸಿಕೊಳ್ಳಬಹುದು, ನಿಮಿಷದ ಕೆಲಸ. ಎರಡು ಸಾಕ್ಸ್ ಹಾಕಿಸುವ ತಾಯಂದಿರಿಗೆ ಒಂದು ಮಾತು: ಎರಡನೇ ಸಾಕ್ಸ್ ಹಿಮ್ಮಡಿಯನ್ನು ದಪ್ಪ ಮಾಡಿದಷ್ಟೇ ಮೇಲ್ಪಾದವನ್ನೂ ದಪ್ಪ ಮಾಡುತ್ತದೆ, ಎತ್ತರದ ಮೇಲ್ಪಾದದ ಮಗುವಿಗೆ ಅದರಿಂದ ಲಾಭವಿಲ್ಲ.

ಲೇಸಿನಿಂದಲೇ ಮುಗಿಯುವ ಕಾಲುಗಳು ಬಹಳ. ಇವನ ಎಡಗಾಲು ಅಲ್ಲಿಗೇ ಸರಿಹೋಯಿತು. ಬಲಗಾಲಿನಲ್ಲಿ ಮಾತ್ರ ಓಡುವಾಗ ಹಿಮ್ಮಡಿ ಇನ್ನೂ ಏಳುತ್ತಿತ್ತು. ಕಾಲನ್ನು ಮುಂದಿನಿಂದ ಹಿಂದಕ್ಕೆ ತಳ್ಳುವ ಒಂದು ಒತ್ತು ಬೇಕಿತ್ತು, ಅದನ್ನು ಕೊಡಬೇಕಾದದ್ದು ನಾಲಿಗೆ. ನಾಲಿಗೆಯ ಒಳಬದಿಗೆ ಮೆತ್ತೆ ಅಂಟಿಸಿದರೆ ಕಾಲು ಹಿಂದೆ ಸರಿದು ಹಿಮ್ಮಡಿ ಗೋಡೆಗೆ ಒರಗುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಮೆತ್ತೆ ಇಡೀ ನಾಲಿಗೆಯಗಲ ಇರುತ್ತದೆ, ಅದು ತಗ್ಗು ಪಾದದವರಿಗೆ. ಎತ್ತರದ ಮೇಲ್ಪಾದಕ್ಕೆ ಅದನ್ನು ಹಾಕಿದರೆ ಈಗಷ್ಟೇ ತೆಗೆದ ಒತ್ತು ದುಪ್ಪಟ್ಟಾಗಿ ವಾಪಸು ಬರುತ್ತದೆ.

ಗೋಕಾಕದ ಪೇಟೆಯಲ್ಲಿ ಬೂಟು ಹೊಲಿಯುವ ಹಿರಿಯರೊಬ್ಬರು ಇದಕ್ಕೆ ಮಾಡಿದ ಉಪಾಯ ನೋಡುವಂತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹುಡುಗನ ಕಾಲಿನ ಉಬ್ಬಿಗೆ ಹಚ್ಚಿ, ಬರಿಗಾಲಲ್ಲಿ ಬೂಟು ಹಾಕಿಸಿ, ನಾಲಿಗೆಯನ್ನು ಮೇಲಿನಿಂದ ಒತ್ತಿದರು. ನಾಲಿಗೆಯ ಒಳಬದಿಗೆ ಉಬ್ಬಿನ ಜಾಗ ಕೆಂಪಗೆ ಮೂಡಿತು. ಮೂರು ಮಿ.ಮೀ. ದಪ್ಪದ ಉಣ್ಣೆ ಫೆಲ್ಟನ್ನು ಕುದುರೆ ಲಾಳದ ಆಕಾರಕ್ಕೆ ಕತ್ತರಿಸಿದರು, ಲಾಳದ ಬಾಯಿ ಬೆರಳ ಕಡೆಗೆ. ನಡುವಿನ ಖಾಲಿ ಜಾಗ ಕೆಂಪು ಗುರುತಿಗಿಂತ ಎಲ್ಲ ಕಡೆ ಎರಡು ಮೂರು ಮಿ.ಮೀ. ಹೆಚ್ಚು. ಆಮೇಲೆ ರಂಪಿಗೆ ಹಿಡಿದು ಫೆಲ್ಟಿನ ಅಂಚನ್ನು ಸುತ್ತಲೂ ಇಳಿಜಾರಾಗಿ ಹೆರೆದರು. “ಅಂಚ ಹಾಂಗs ಬಿಟ್ಟರ ಅದs ಮುಂದ ಗುಳ್ಳಿ ಏಳಸತೈತ್ರಿ” ಎಂದರು. ಅಂಟಿಸುವಾಗ ರಬ್ಬರ್ ಸೊಲ್ಯೂಷನ್ನನ್ನು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟಿಯೂ ಅಂಟದಂತೆ ಒಣಗುವವರೆಗೆ ಬಿಟ್ಟು, ಒತ್ತಿದರು. ಒದ್ದೆಯಿರುವಾಗಲೇ ಒತ್ತಿದ್ದರೆ ಬೆವರಿಗೆ ಬಿಟ್ಟುಕೊಳ್ಳುತ್ತಿತ್ತು.

ಲಾಳದ ಎರಡು ತೋಳು ಉಬ್ಬಿನ ಆಚೀಚೆ ಕೂರುತ್ತವೆ, ಬಾಗಿದ ಭಾಗ ಕಣಕಾಲಿನ ಮಡಿಕೆಯ ಹತ್ತಿರ ಒತ್ತುತ್ತದೆ. ಕಾಲನ್ನು ಹಿಂದಕ್ಕೆ ತಳ್ಳುವ ಕೆಲಸ ಆ ಬಾಗಿದ ಭಾಗದ್ದು. ಫೆಲ್ಟನ್ನೇ ಏಕೆ, ಫೋಮ್ ಸಾಲದೇ ಎಂದರೆ, ಮೆತ್ತನೆ ಫೋಮ್ ಓಟದ ಭಾರಕ್ಕೆ ಬೇಗ ಚಪ್ಪಟೆಯಾಗುತ್ತದೆ, ಬೆವರನ್ನೂ ಹಿಡಿದಿಡುತ್ತದೆ. ಫೆಲ್ಟೂ ಕೆಲವು ತಿಂಗಳಿಗೆ ತೆಳುವಾಗುತ್ತದೆ, ಆದರೆ ನಿಧಾನಕ್ಕೆ.

ಕೊನೆಗೆ ಹಿಮ್ಮಡಿ. ಹೀಲ್ ಕಪ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಹಿಮ್ಮಡಿಯ ಕೆಳಗಿಡುವ ದಪ್ಪ ಜೆಲ್. ಅದು ಹಿಮ್ಮಡಿ ನೋವಿಗೆ ಆದೀತು, ಜಾರುವುದಕ್ಕಲ್ಲ. ಇನ್ನೊಂದು, ಬೂಟಿನ ಹಿಂಗೋಡೆಗೆ ನಟ್ಟನಡುವೆ ಅಂಟಿಸುವ ಪಟ್ಟಿ. ಅದು ಬೂಟನ್ನು ಎರಡು ಮೂರು ಮಿ.ಮೀ. ಗಿಡ್ಡ ಮಾಡುತ್ತದೆ, ಉದ್ದ ಹೆಚ್ಚಾದವರಿಗೆ ತುಸು ಸಹಾಯ. ಸಣ್ಣ ಹಿಮ್ಮಡಿಯವರಿಗೆ ಖಾಲಿ ಇರುವುದು ಹಿಂದಲ್ಲ, ಎಡಬಲಗಳಲ್ಲಿ. ಅವರಿಗೆ ಬೇಕಾದದ್ದು ಮೂರನೆಯ ಬಗೆ: ತಳ ತೆಳ್ಳಗಿದ್ದು ಪಕ್ಕದ ಗೋಡೆಗಳು ಎತ್ತರವಾಗಿ ಗಟ್ಟಿಯಿರುವ ಆಳದ ಕಪ್, ಇಲ್ಲವೇ ಒಳಗೋಡೆಯ ಎರಡೂ ಪಕ್ಕಕ್ಕೆ, ಕಣಕಾಲಿನ ಗಂಟಿನ ಕೆಳಗೆ ಅಂಟಿಸುವ ಅರ್ಧಚಂದ್ರಾಕಾರದ ಮೆತ್ತೆ. ನಡುವೆ, ಹಿಮ್ಮಡಿಯ ಸ್ನಾಯುರಜ್ಜು ಇಳಿಯುವ ಜಾಗ ಖಾಲಿಯೇ ಇರಬೇಕು.

ಎಷ್ಟು ದಪ್ಪ ಎಂದು ತಿಳಿಯಲು ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆ ಸಾಕು. ಅದರ ದಪ್ಪ ಹಾಳೆಯನ್ನು ಹೆಬ್ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಬೂಟು ಹಾಕಿಕೊಂಡು ಲೇಸು ಕಟ್ಟಿದ ಮೇಲೆ ಹಿಮ್ಮಡಿಯ ಎರಡೂ ಪಕ್ಕದಲ್ಲಿ ಒಂದೊಂದಾಗಿ ತುರುಕುತ್ತ ಹೋಗಿ. ಹಿಮ್ಮಡಿ ಅಲುಗಾಡುವುದು ನಿಂತಾಗ ಪಟ್ಟಿಗಳನ್ನು ಒಟ್ಟಿಗೆ ಒತ್ತಿ ಅಳೆಯಿರಿ. ಇವನ ಬಲಗಾಲಿಗೆ ಒಂದೊಂದು ಪಕ್ಕ ಎರಡೂವರೆ ಮಿ.ಮೀ. ಬಂತು. ಅಷ್ಟೇ ದಪ್ಪದ ಫೆಲ್ಟನ್ನು ಆ ಹಿರಿಯರೇ ಅಂಟಿಸಿ ಮೇಲೆ ತೆಳ್ಳನೆ ತೊಗಲಿನ ಅಸ್ತರಿ ಕೊಟ್ಟರು. ಬರೇ ಫೆಲ್ಟು ಸಾಕ್ಸನ್ನು ಕೆರೆದು ಉಂಡೆಗಟ್ಟುತ್ತದೆ.

ಸರಿಹೋಯಿತೇ ಎಂದು ನೋಡುವ ಬಗೆ ಸರಳ. ಬೂಟಿನ ಹಿಂದಿನ ಅಂಚಿನ ನೇರಕ್ಕೆ ಕಪ್ಪು ಸಾಕ್ಸಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಓಡಿಬನ್ನಿ. ಹಿಮ್ಮಡಿ ಎದ್ದಷ್ಟೂ ಆ ಗೆರೆ ಮೇಲೆ ಕೆಳಗೆ ಹರಡಿಕೊಂಡಿರುತ್ತದೆ. ಮೊದಲು ಎಂಟು ನಂಬರಿನಲ್ಲಿ ಗೆರೆ ಬೆರಳಗಲ ಹರಡಿತ್ತು. ಈಗ ಮೂರು ನಾಲ್ಕು ಮಿ.ಮೀ. ಅಷ್ಟು ಇದ್ದೇ ಇರುತ್ತದೆ, ಹೊಸ ಬೂಟಿನ ತಳ ಬಾಗಲು ಕಲಿತ ಹಾಗೆ ಅದೂ ಕಮ್ಮಿಯಾಗುತ್ತದೆ. ಅದನ್ನೂ ಇಲ್ಲವಾಗಿಸಲು ಹೋಗಿ ಲೇಸು ಇನ್ನಷ್ಟು ಎಳೆಯಬೇಡಿ.

ಗುಳ್ಳೆ ಎಲ್ಲಿ ಬಿತ್ತು ಎನ್ನುವುದೂ ಸುದ್ದಿ ಹೇಳುತ್ತದೆ. ಹಿಮ್ಮಡಿಯ ಹಿಂದೆ ನಡುವೆ ಬಿದ್ದರೆ ಇನ್ನೂ ಏಳುತ್ತಿದೆ. ಪಕ್ಕದಲ್ಲಿ ಬಿದ್ದರೆ ಮೆತ್ತೆಯ ಅಂಚು ಹೆರೆದದ್ದು ಸಾಲದು. ಬೆರಳಿನ ಉಗುರು ಕಪ್ಪಾದರೆ ಕಾಲು ಮುಂದಕ್ಕೆ ಜರುಗುತ್ತಿದೆ, ಅಂದರೆ ಬೀಗ ಹಿಡಿದಿಲ್ಲ. ಬೂಟು ಬಿಚ್ಚಿದ ಮೇಲೆ ಮೇಲ್ಪಾದದ ಕೆಂಪು ಗುರುತು ಇಪ್ಪತ್ತು ನಿಮಿಷವಾದರೂ ಮಾಸದಿದ್ದರೆ ಬಿಗಿ ಹೆಚ್ಚು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಜುಮುಗುಟ್ಟಿದರೆ, ಮರಗಟ್ಟಿದರೆ, ಮೇಲ್ಪಾದದಲ್ಲಿ ಹಾದುಹೋಗುವ ನರವೊಂದು ನಾಲಿಗೆಯ ಕೆಳಗೆ ಸಿಕ್ಕಿದೆ ಎಂದರ್ಥ. ಬೆರಳುಗಳನ್ನು ಮೇಲೆತ್ತುವಾಗ ಮೇಲ್ಪಾದ ನೋಯುವುದು ಸ್ನಾಯುರಜ್ಜು ಉರಿಗೊಂಡದ್ದರ ಗುರುತು. ಆಗ ಕಿಟಕಿಯನ್ನು ಇನ್ನೊಂದು ತೂತಿನಷ್ಟು ದೊಡ್ಡದು ಮಾಡಬೇಕು, ಕೆಲವು ದಿನ ಓಟ ನಿಲ್ಲಿಸಬೇಕು.

ಈ ಎಲ್ಲದಕ್ಕೂ ಒಂದು ಗಡಿಯಿದೆ. ಲೇಸು ಕಟ್ಟಿದಾಗ ತೂತಿನ ಎರಡು ಸಾಲುಗಳು ನಾಲಿಗೆಯ ಅಂಚಿನವರೆಗೂ ದೂರ ಸರಿದು ನಿಂತಿದ್ದರೆ ಆ ಬೂಟಿನ ಹೊಟ್ಟೆ ಈ ಕಾಲಿಗೆ ಸಾಲದು, ಯಾವ ಹೆಣಿಗೆಯೂ ಅದಕ್ಕೆ ಜಾಗ ಹುಟ್ಟಿಸಲಾರದು. ಸಾಲುಗಳು ಒಂದಕ್ಕೊಂದು ತಾಗಿಯೇ ಬಿಟ್ಟಿದ್ದರೆ ಇನ್ನು ಬಿಗಿಯಲು ಏನೂ ಉಳಿದಿಲ್ಲ, ಅಲ್ಲಿ ಮಾತ್ರ ದಪ್ಪ ನಾಲಿಗೆಮೆತ್ತೆಗೆ ಬೆಲೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಮೆತ್ತೆ ಅಂಟಿಸುವ ಪ್ರಯೋಗಕ್ಕೆ ಇಳಿಯಬಾರದು, ಒತ್ತಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಪಾದದ ಕಮಾನಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4ರಿಂದ 13 ವಯಸ್ಸಿನ 2,300 ಮಕ್ಕಳ ಹೆಜ್ಜೆಗುರುತು ನೋಡಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನ ಮಕ್ಕಳಲ್ಲಿ ಶೇ 2.8. ಮುಚ್ಚಿದ ಬೂಟಿನವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಹೊಲದಲ್ಲಿ ಓಡಾಡಿ ಬೆಳೆದ ಕಾಲಿಗೆ ಕಮಾನು ಚೆನ್ನಾಗಿದ್ದರೆ ಅದು ಗುಣವೇ, ರೋಗವಲ್ಲ. ಆದರೆ ದೊಡ್ಡವರಾದ ಮೇಲೆ ಕಮಾನು ವರ್ಷದಿಂದ ವರ್ಷಕ್ಕೆ ಏರುತ್ತ ಹೋದರೆ, ಅದರಲ್ಲೂ ಒಂದೇ ಕಾಲಿನಲ್ಲಿ ಏರಿದರೆ, ಬೆರಳು ಮಡಚಿಕೊಳ್ಳತೊಡಗಿದರೆ, ಮೀನಖಂಡ ಸಣಕಲಾದರೆ ಅದು ಬೂಟಿನ ವಿಷಯವಲ್ಲ. ನರದ ಕಾಯಿಲೆಯಿರಬಹುದು, ವೈದ್ಯರಿಗೆ ತೋರಿಸಬೇಕು.

ಮುಂದಿನ ಸಲ ಅಂಗಡಿಗೆ ಹೋದಾಗ ಇಂಥ ಕಾಲಿನವರು ನಂಬರ್ ಹೇಳಿ ಸುಮ್ಮನಾಗಬಾರದು. ತೂತಿನ ಪಟ್ಟಿಗಳು ಬೂಟಿನ ಮೇಲೆ ಬಿಡಿಬಿಡಿಯಾಗಿ ಕೂತು ಅಗಲಕ್ಕೆ ತೆರೆದುಕೊಳ್ಳುವ ಬಗೆ ಕೇಳಿ. ಪಟ್ಟಿಗಳು ಮುಂಭಾಗದ ತೊಗಲಿನ ಕೆಳಗೆ ಸೇರಿ ಹೊಲಿದಿರುವ ಬಗೆ ಬೇಡ, ಅದು ಮೇಲ್ಪಾದಕ್ಕೆ ಹಿಗ್ಗುವುದೇ ಇಲ್ಲ. ತೂತು ಆರು ಜೊತೆಗಿಂತ ಕಡಿಮೆ ಇರಬಾರದು. ಒಳಹಾಸು ಕೈಯಿಂದ ಎಳೆದರೆ ಬರಬೇಕು. ಹಿಂಗೋಡೆಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಸುಕಿದರೆ ಕುಸಿಯಬಾರದು. ಲೇಸು 120 ಸೆಂ.ಮೀ.ಗಿಂತ ಗಿಡ್ಡವಿದ್ದರೆ ಬೀಗ ಹಾಕಿದ ಮೇಲೆ ಗಂಟಿಗೆ ಸಾಲದು, ಉದ್ದದ್ದೊಂದು ಜೋಡಿ ಬೇರೆಯಾಗಿ ಕೊಂಡುಬಿಡಿ. ಎರಡೂ ಕಾಲಿಗೆ ಹಾಕಿ, ಅಂಗಡಿಯ ಮೆತ್ತನೆ ಚಾಪೆ ಬಿಟ್ಟು ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿ ನೋಡಿ ತನ್ನಿ.